ಮುಖ್ಯೋಪಾಧ್ಯಾಯ ಹುದ್ದೆ ಯಾರಿಗೆ? ಸಿಬ್ಬಂದಿ ಪಟ್ಟಿಯಿಂದ ಅರ್ಹರನ್ನು ಹೆಕ್ಕುವ ಬಗೆ

ಕಾಸರಗೋಡಿನ ಅನುದಾನಿತ ಶಾಲೆಗಳಲ್ಲಿ ಮೇ ತಿಂಗಳ ಕೊನೆ ಎಂದರೆ ಬೀಳ್ಕೊಡುಗೆಗಳ ಕಾಲ. ಹಳೆಯ ತಲೆಮಾರಿನ ಅನೇಕರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಮೇ ತಿಂಗಳಿನದ್ದೇ ಆಗಿರುವುದರಿಂದ, ಐವತ್ತಾರು ತುಂಬಿ ಮೇ 31ಕ್ಕೆ ನಿವೃತ್ತರಾಗುವವರು ಹೆಚ್ಚು. ಮುಖ್ಯೋಪಾಧ್ಯಾಯರೇ ನಿವೃತ್ತರಾದರೆ ಮರುದಿನದಿಂದ ಆ ಕುರ್ಚಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಮ್ಯಾನೇಜರ್ ಶಾಲೆಯ ಗುಮಾಸ್ತರನ್ನೋ ಲೆಕ್ಕಪತ್ರ ಬಲ್ಲ ಒಬ್ಬ ಶಿಕ್ಷಕರನ್ನೋ ಕರೆದು ಸಿಬ್ಬಂದಿ ಪಟ್ಟಿಯನ್ನು ಕೈಗಿಟ್ಟು, ‘ಯಾರು ಸೀನಿಯರ್, ನೋಡಿ ಹೇಳಿ’ ಎನ್ನುತ್ತಾರೆ.

ಇಂಥ ಪಟ್ಟಿಗಳನ್ನು ನಾನು ಹಲವು ವರ್ಷ ಕೈಯಲ್ಲಿ ಹಿಡಿದು ಕುಳಿತಿದ್ದೇನೆ. ಪಟ್ಟಿಯ ಮೊದಲ ಸಾಲಿನಲ್ಲಿರುವವರೇ ಹಿರಿಯರು ಎಂದು ನಂಬಿ ಆದೇಶ ಬರೆದು, ಆಮೇಲೆ ಮೇಲ್ಮನವಿ, ನ್ಯಾಯಾಲಯ ಎಂದು ಅಲೆದು, ಒಂದೇ ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷ ಜೊತೆಗೆ ಊಟ ಮಾಡಿದವರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಆದ್ದರಿಂದ ಪಟ್ಟಿಯಿಂದ ಏನನ್ನು ಹೆಕ್ಕಬೇಕು, ಹೇಗೆ ಪರಿಶೀಲಿಸಬೇಕು ಎಂಬುದನ್ನು ಒಂದೇ ಪ್ರಕರಣವನ್ನು ಹಿಡಿದು ವಿವರಿಸುತ್ತೇನೆ: ಒಂದೇ ಹೈಸ್ಕೂಲು ಇರುವ ಮ್ಯಾನೇಜ್‌ಮೆಂಟಿನಲ್ಲಿ ಖಾಲಿಯಾದ ಮುಖ್ಯೋಪಾಧ್ಯಾಯ ಹುದ್ದೆ. ಎಲ್.ಪಿ., ಯು.ಪಿ. ಎಂಬ ಪ್ರಾಥಮಿಕ ಶಾಲೆಗಳ ನಿಯಮ ಬೇರೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.

ಮೊದಲು ನಿಯಮ, ಆಮೇಲೆ ಪಟ್ಟಿ

ಏನನ್ನು ಹುಡುಕುತ್ತಿದ್ದೇವೆ ಎಂದು ಗೊತ್ತಿಲ್ಲದೆ ಪಟ್ಟಿ ಬಿಡಿಸಿದರೆ ಕಣ್ಣಿಗೆ ಬೀಳುವುದು ಹೆಸರುಗಳು ಮಾತ್ರ. 1959ರ ಕೇರಳ ಶಿಕ್ಷಣ ನಿಯಮಗಳ, ಅಂದರೆ ಕೆ.ಇ.ಆರ್.ನ, ಹದಿನಾಲ್ಕು–ಎ ಅಧ್ಯಾಯದಲ್ಲಿ ನಮಗೆ ಬೇಕಾದವು ಮೂರು ನಿಯಮಗಳು.

ನಿಯಮ 37 ಹಿರಿತನವನ್ನು ಹೇಳುತ್ತದೆ. ಒಂದು ದರ್ಜೆಯಲ್ಲಿ, ಒಂದು ಘಟಕದಲ್ಲಿ, ನಿಗದಿತ ಅರ್ಹತೆಯೊಂದಿಗೆ ಸಲ್ಲಿಸಿದ ನಿರಂತರ ಸೇವೆಯ ಉದ್ದವೇ ಹಿರಿತನ. ಇಬ್ಬರ ನಿರಂತರ ಸೇವೆ ಒಂದೇ ದಿನ ಆರಂಭವಾಗಿದ್ದರೆ ಮೊದಲ ನೇಮಕಾತಿಯ ದಿನವನ್ನು ನೋಡಬೇಕು. ಅದೂ ಒಂದೇ ಆಗಿದ್ದರೆ ವಯಸ್ಸಿನಲ್ಲಿ ದೊಡ್ಡವರು ಹಿರಿಯರು. ಈ ಮೂರು ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಇಳಿಯಬೇಕು.

ನಿಯಮ 44ರ ಪ್ರಕಾರ ಮುಖ್ಯೋಪಾಧ್ಯಾಯರ ನೇಮಕ ಸಾಮಾನ್ಯವಾಗಿ ಹಿರಿತನ ಪಟ್ಟಿಯ ಕ್ರಮದಲ್ಲಿಯೇ ಆಗಬೇಕು. ಹಿರಿಯ ಹಕ್ಕುದಾರರನ್ನು ಬಿಟ್ಟು ಬೇರೆಯವರನ್ನು ನೇಮಿಸಬೇಕಾದರೆ, ಆ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಡುತ್ತೇನೆ ಎಂಬ ಲಿಖಿತ ಒಪ್ಪಿಗೆಯನ್ನು ಅವರಿಂದ ಪಡೆಯಬೇಕು. ಅದಕ್ಕೆ ಶಿಕ್ಷಣಾಧಿಕಾರಿಯ ಅನುಮೋದನೆಯೂ ಬೇಕು. ‘ಈ ಸಲ ನನಗೆ ಬೇಡ, ಮುಂದಿನ ಸಲ ನೋಡೋಣ’ ಎಂಬ ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ಅರ್ಹತೆಯನ್ನು ಹೇಳುವುದು ನಿಯಮ 44–ಎ. ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಲು ಪದವೀಧರ ಶಿಕ್ಷಕರಾಗಿ ಹನ್ನೆರಡು ವರ್ಷಗಳ ನಿರಂತರ ಸೇವೆ ಬೇಕು. ಜೊತೆಗೆ ಲೋಕಸೇವಾ ಆಯೋಗ ನಡೆಸುವ ಎರಡು ಇಲಾಖಾ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು: ಕೇರಳ ಶಿಕ್ಷಣ ಕಾಯ್ದೆ ಮತ್ತು ನಿಯಮಗಳ ಪರೀಕ್ಷೆ, ಅಕೌಂಟ್ ಟೆಸ್ಟ್ ಲೋವರ್. ವಯಸ್ಸು ಐವತ್ತು ತುಂಬಿದವರಿಗೆ ಈ ಪರೀಕ್ಷೆಗಳಿಂದ ವಿನಾಯಿತಿ ಇದೆ. ಆದರೆ ಹನ್ನೆರಡು ವರ್ಷಗಳ ಸೇವೆಯಿಂದ ವಿನಾಯಿತಿ ಇಲ್ಲ.

ಹಿರಿತನ ಮತ್ತು ಅರ್ಹತೆ ಎರಡು ಬೇರೆ ಬೇರೆ ಪ್ರಶ್ನೆಗಳು ಎಂಬುದು ಇಲ್ಲಿಗೆ ಸ್ಪಷ್ಟವಾಗಿರಬೇಕು. ಎಲ್ಲರಿಗಿಂತ ಹಿರಿಯರಾದವರು ಅನರ್ಹರಾಗಿರಬಹುದು, ಎಲ್ಲ ಪರೀಕ್ಷೆ ಮುಗಿಸಿದವರು ಕಿರಿಯರಾಗಿರಬಹುದು. ಈ ಎರಡನ್ನೂ ಪಟ್ಟಿಯಿಂದ ಬೇರೆ ಬೇರೆಯಾಗಿ ಹೆಕ್ಕಿ, ಕೊನೆಯಲ್ಲಿ ಮಾತ್ರ ಒಂದರ ಪಕ್ಕ ಒಂದನ್ನು ಇಡಬೇಕು.

ಪಟ್ಟಿಯಲ್ಲಿ ಏನಿದೆ, ಏನಿಲ್ಲ

ಶಾಲೆಯಲ್ಲಿ ಸಿಗುವ ಸಿಬ್ಬಂದಿ ಪಟ್ಟಿ ಹೆಚ್ಚಾಗಿ ಹಾಜರಿ ಪುಸ್ತಕದ ಅಥವಾ ಸಂಬಳ ಬಿಲ್ಲಿನ ಕ್ರಮದಲ್ಲಿ ಇರುತ್ತದೆ. ಅದರ ಕ್ರಮಸಂಖ್ಯೆಗೂ ಹಿರಿತನಕ್ಕೂ ಸಂಬಂಧವಿರಬೇಕೆಂದಿಲ್ಲ. ಅದರಲ್ಲಿ ‘ಸೇರಿದ ದಿನಾಂಕ’ ಎಂಬ ಒಂದೇ ಅಂಕಣ ಇರುತ್ತದೆ. ನಮ್ಮ ಎಲ್ಲ ತಪ್ಪುಗಳೂ ಹುಟ್ಟುವುದು ಆ ಒಂದು ಅಂಕಣದಲ್ಲಿ. ಕೆಲವರ ಎದುರು ಶಾಲೆಗೆ ಕಾಲಿಟ್ಟ ಮೊದಲ ದಿನವನ್ನು ಬರೆದಿರುತ್ತಾರೆ, ಕೆಲವರ ಎದುರು ಈಗಿನ ಹುದ್ದೆಗೆ ಬಂದ ದಿನವನ್ನು ಬರೆದಿರುತ್ತಾರೆ. ಬರೆದವರು ಬೇರೆ, ಬರೆದ ಕಾಲ ಬೇರೆ.

ಆದ್ದರಿಂದ ಆ ಒಂದು ಅಂಕಣವನ್ನು ಎರಡಾಗಿ ಒಡೆಯಿರಿ: ಮೊದಲ ನೇಮಕಾತಿಯ ದಿನ, ಮತ್ತು ಹೈಸ್ಕೂಲು ಶಿಕ್ಷಕರ ದರ್ಜೆಯಲ್ಲಿ ನಿರಂತರ ಸೇವೆ ಆರಂಭವಾದ ದಿನ. ಎರಡನ್ನೂ ಪಟ್ಟಿಯಿಂದ ಊಹಿಸಬೇಡಿ. ಪ್ರತಿಯೊಬ್ಬರ ಸರ್ವಿಸ್ ಬುಕ್ ತೆರೆದು, ನೇಮಕಾತಿ ಆದೇಶದ ಮೇಲೆ ಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿ ಬರೆದ ಅನುಮೋದನೆಯ ಟಿಪ್ಪಣಿಯನ್ನು ನೋಡಿ. ಮ್ಯಾನೇಜರ್ ನೇಮಿಸಿದ ದಿನ ಒಂದಾಗಿ, ಇಲಾಖೆ ಅನುಮೋದಿಸಿದ್ದು ಬೇರೆ ದಿನದಿಂದ ಆಗಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಿ. ಲೆಕ್ಕಕ್ಕೆ ಅನುಮೋದಿತ ದಿನವನ್ನೇ ಹಿಡಿಯಿರಿ.

ನಮ್ಮ ಜಿಲ್ಲೆಯಲ್ಲಿ ಕನ್ನಡ ಬಲ್ಲವರಿಗೆ ಒಂದು ವಿಶೇಷ ತೊಡಕಿದೆ. ಆದೇಶಗಳು ಮಲಯಾಳದಲ್ಲಿ ಇರುತ್ತವೆ, ಲಿಪಿಯನ್ನು ಕಷ್ಟಪಟ್ಟು ಓದಿದರೂ ಪದಗಳು ಮೋಸ ಮಾಡುತ್ತವೆ. ಮಲಯಾಳದ ‘ಅವಧಿ’ ಎಂದರೆ ರಜೆ. ನಮ್ಮ ಕಿವಿಗೆ ಅದು ಕಾಲಾವಧಿ ಎಂದು ಕೇಳಿಸುತ್ತದೆ. ‘ಅವಧಿ ಒಳಿವ್’ ಎಂದಿದ್ದರೆ ಅದು ಯಾರದೋ ರಜೆಯಿಂದ ತೆರವಾದ ತಾತ್ಕಾಲಿಕ ಹುದ್ದೆ. ‘ಶೂನ್ಯವೇತನಾವಧಿ’ ಎಂದರೆ ವೇತನರಹಿತ ರಜೆ. ಈ ಎರಡು ಪದಗಳು ಯಾರ ಸರ್ವಿಸ್ ಬುಕ್‌ನಲ್ಲಿ ಕಂಡರೂ ಅಲ್ಲಿ ನಿಲ್ಲಿ. ಮೊದಲನೆಯದು ಕಂಡರೆ, ರಜೆಯ ಮೇಲೆ ಹೋಗಿದ್ದವರು ಮರಳಿದ ದಿನ ಇವರನ್ನು ಬಿಡುಗಡೆ ಮಾಡಿದ್ದಾರೆಯೇ, ಆಮೇಲೆ ಯಾವ ದಿನ ಮತ್ತೆ ತೆಗೆದುಕೊಂಡರು ಎಂದು ನೋಡಿ. ನಡುವೆ ಬಿಡುವು ಇದ್ದರೆ ನಿರಂತರ ಸೇವೆ ಎರಡನೆಯ ನೇಮಕದಿಂದಲೇ ಆರಂಭ. ಎರಡನೆಯದು ಕಂಡರೆ, ರಜೆ ಆರಂಭವಾದ ಮತ್ತು ಮುಗಿದ ದಿನಗಳನ್ನು, ಮಂಜೂರಾತಿ ಆದೇಶದ ಸಂಖ್ಯೆಯನ್ನು ಷರಾದಲ್ಲಿ ಬರೆಯಿರಿ. ಆ ಆದೇಶದಲ್ಲಿಯೇ ಷರತ್ತುಗಳಿರುತ್ತವೆ. ಅಂಥ ರಜೆಯನ್ನು ಹನ್ನೆರಡು ವರ್ಷಕ್ಕೆ ಸೇರಿಸುವುದೋ ಬಿಡುವುದೋ ಎಂಬುದನ್ನು ಶಾಲೆಯ ಮಟ್ಟದಲ್ಲಿ ತೀರ್ಮಾನಿಸದೆ, ಶಿಕ್ಷಣಾಧಿಕಾರಿಗೆ ಬರೆದು ಲಿಖಿತ ಉತ್ತರ ತರಿಸಿಕೊಳ್ಳುವುದು ಕ್ಷೇಮ.

ಶೈಕ್ಷಣಿಕ ಅರ್ಹತೆಯ ಅಂಕಣದಲ್ಲಿ ‘ಬಿ.ಎ., ಬಿ.ಎಡ್.’ ಎಂದಷ್ಟೇ ಇದ್ದರೆ ಸಾಲದು. ಬಿ.ಎಡ್. ಯಾವ ದಿನ ಲಭಿಸಿತು ಎಂಬುದು ಬೇಕು. ನಿರಂತರ ಸೇವೆಯ ಆರಂಭ ಅದಕ್ಕಿಂತ ಹಿಂದೆ ಇದ್ದರೆ ಎಲ್ಲೋ ಎಡವಟ್ಟಾಗಿದೆ, ಏಕೆಂದರೆ ಅರ್ಹತೆ ಇಲ್ಲದ ಸೇವೆ ಹಿರಿತನಕ್ಕೆ ಬಾರದು. ನಮ್ಮಲ್ಲಿ ಮೈಸೂರು ಅಥವಾ ಮಂಗಳೂರು ವಿಶ್ವವಿದ್ಯಾನಿಲಯದ ಪದವಿ ಪಡೆದವರು ಬಹಳ. ಅವರ ಕಡತದಲ್ಲಿ ಕೇರಳದ ವಿಶ್ವವಿದ್ಯಾನಿಲಯ ಕೊಟ್ಟ ತತ್ಸಮಾನ ಪ್ರಮಾಣಪತ್ರ ಇದೆಯೇ ಎಂದು ಈಗಲೇ ನೋಡಿಡಿ. ಆದೇಶ ಹೋದ ಮೇಲೆ ಆಕ್ಷೇಪ ಬಂದರೆ ತಿಂಗಳುಗಟ್ಟಲೆ ಸಂಬಳ ನಿಲ್ಲುವ ಸಂಕಟ ಆ ಶಿಕ್ಷಕರದು.

ಹಾಳೆಯನ್ನು ಹೀಗೆ ಹಾಕಿ

ಎಕ್ಸೆಲ್ ಅಥವಾ ಲಿಬ್ರೆಆಫೀಸ್, ಯಾವುದಾದರೂ ಸರಿ. ಅಂಕಣಗಳನ್ನು ಹೀಗೆ ಇಡಿ: A ಸಂಬಳದ ತಂತ್ರಾಂಶವಾದ ಸ್ಪಾರ್ಕ್‌ನಲ್ಲಿರುವ ನೌಕರರ ಶಾಶ್ವತ ಸಂಖ್ಯೆ, B ಹೆಸರು, C ಹುದ್ದೆ, D ಜನ್ಮದಿನ, E ಮೊದಲ ನೇಮಕಾತಿ, F ಹೈಸ್ಕೂಲು ದರ್ಜೆಯಲ್ಲಿ ನಿರಂತರ ಸೇವೆಯ ಆರಂಭ, G ಬಿ.ಎಡ್. ದಿನ, H ಕೆ.ಇ.ಆರ್. ಪರೀಕ್ಷೆ ತೇರ್ಗಡೆಯಾದ ದಿನ, I ಅಕೌಂಟ್ ಟೆಸ್ಟ್ ತೇರ್ಗಡೆಯಾದ ದಿನ, J ಷರಾ. ಹುದ್ದೆ ಖಾಲಿಯಾದ ದಿನವನ್ನು L1ರಲ್ಲಿ ಒಮ್ಮೆ ಮಾತ್ರ ಬರೆಯಿರಿ.

ಹೆಸರಿನ ಬದಲು ಸಂಖ್ಯೆಯನ್ನು ಮೊದಲು ಇಡುವುದಕ್ಕೆ ಕಾರಣವಿದೆ. ನಮ್ಮ ಊರಿನ ಹೆಸರುಗಳಲ್ಲಿ ಮನೆತನದ ಅಕ್ಷರ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಭಟ್, ರೈ, ಶೆಟ್ಟಿ ಎಂಬುದು ಸರ್ವಿಸ್ ಬುಕ್‌ನಲ್ಲಿ ಇದ್ದು ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇರುವುದಿಲ್ಲ. ಒಂದೇ ಶಾಲೆಯಲ್ಲಿ ಒಂದೇ ಹೆಸರಿನ ಇಬ್ಬರು ಇದ್ದಾಗ ಒಬ್ಬರ ಪರೀಕ್ಷೆ ಇನ್ನೊಬ್ಬರ ಸಾಲಿಗೆ ಹೋಗಿಬಿಡುತ್ತದೆ.

ದಿನಾಂಕಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಪಟ್ಟಿಯಿಂದ ನಕಲು ಮಾಡಿ ಅಂಟಿಸಿದ ‘06.06.2007’ ಎಂಬುದು ಕಂಪ್ಯೂಟರಿಗೆ ದಿನಾಂಕವಲ್ಲ, ಬರೀ ಅಕ್ಷರ. ಇನ್ನು ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ ‘04-06-2012’ ಜೂನ್ 4 ಆಗದೆ ಏಪ್ರಿಲ್ 6 ಆಗುತ್ತದೆ. ನೋಡುವ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದ್ದರಿಂದ ದಿನಾಂಕದ ಅಂಕಣಗಳನ್ನು ತಿಂಗಳ ಹೆಸರು ಅಕ್ಷರದಲ್ಲಿ ಕಾಣುವ ಮಾದರಿಗೆ ಬದಲಾಯಿಸಿ, ಒಂದೊಂದನ್ನೂ ಮೂಲ ದಾಖಲೆಯೊಂದಿಗೆ ಓದಿ ನೋಡಿ. ಅಕ್ಷರವಾಗಿ ಉಳಿದವುಗಳನ್ನು ಹಿಡಿಯಲು ಒಂದು ಖಾಲಿ ಅಂಕಣದಲ್ಲಿ ಇದನ್ನು ಬರೆಯಿರಿ:

```
=ISNUMBER(F2)
```

FALSE ಎಂದು ಬಂದ ಸಾಲಿನ ದಿನಾಂಕವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಬೇಕು.

ಆಮೇಲೆ ವಿಂಗಡಣೆ. ಹೈಸ್ಕೂಲು ಶಿಕ್ಷಕರನ್ನು ಮಾತ್ರ ಉಳಿಸಿಕೊಂಡು, ಮೊದಲು F, ನಂತರ E, ನಂತರ D, ಮೂರನ್ನೂ ಹಳೆಯದರಿಂದ ಹೊಸದಕ್ಕೆ ಬರುವಂತೆ ವಿಂಗಡಿಸಿ. ನಿಯಮ 37ರ ಮೂರು ಮೆಟ್ಟಿಲುಗಳೇ ಇವು. ಅರ್ಹತೆಗೆ ಪ್ರತ್ಯೇಕ ಅಂಕಣದಲ್ಲಿ ಈ ಸೂತ್ರ:

```
=IF(AND(DATEDIF(F2,$L$1,"Y")>=12,
 OR(DATEDIF(D2,$L$1,"Y")>=50,
 AND(ISNUMBER(H2),H2<=$L$1,ISNUMBER(I2),I2<=$L$1))),
 "Y","N")
```

ಸೇವೆ ಹನ್ನೆರಡು ವರ್ಷ ತುಂಬಿದೆಯೇ, ಮತ್ತು ಒಂದೋ ವಯಸ್ಸು ಐವತ್ತು ತುಂಬಿದೆಯೇ ಇಲ್ಲವೇ ಎರಡೂ ಪರೀಕ್ಷೆಗಳು ಆ ದಿನದೊಳಗೆ ಮುಗಿದಿವೆಯೇ ಎಂದು ಈ ಸೂತ್ರ ಕೇಳುತ್ತದೆ. DATEDIF ಪೂರ್ಣ ತುಂಬಿದ ವರ್ಷಗಳನ್ನು ಮಾತ್ರ ಎಣಿಸುತ್ತದೆ. ನಮಗೆ ಬೇಕಾದದ್ದೂ ಅದೇ.

ನಾಲ್ವರು ಶಿಕ್ಷಕರ ಲೆಕ್ಕ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮಂಜೇಶ್ವರ ಕಡೆಯ ಒಂದು ಹೈಸ್ಕೂಲು ಎಂದುಕೊಳ್ಳಿ. 2024ರ ಮೇ 31ಕ್ಕೆ ಮುಖ್ಯೋಪಾಧ್ಯಾಯಿನಿ ನಿವೃತ್ತರಾದರು, 2024ರ ಜೂನ್ 1ಕ್ಕೆ ಹುದ್ದೆ ಖಾಲಿ. ಶಾಲೆಯ ಪಟ್ಟಿಯಲ್ಲಿ ನಾಲ್ವರು ಇದೇ ಕ್ರಮದಲ್ಲಿದ್ದಾರೆ. ಅವರನ್ನು ಅ, ಇ, ಉ, ಎ ಎಂದು ಕರೆಯೋಣ.

‘ಅ’ ಅವರು 1998ರ ಜುಲೈ 10ರಂದು ಅದೇ ಶಾಲೆಯ ಯು.ಪಿ. ವಿಭಾಗಕ್ಕೆ ಸೇರಿದವರು. ಹೈಸ್ಕೂಲು ಶಿಕ್ಷಕರಾಗಿ ಬಡ್ತಿ ಪಡೆದದ್ದು 2011ರ ಜೂನ್ 1ರಂದು. ಜನ್ಮದಿನ 1973ರ ಮೇ 20. ಎರಡೂ ಪರೀಕ್ಷೆಗಳು ಮುಗಿದಿವೆ.

‘ಇ’ ಅವರು 2004ರ ಆಗಸ್ಟ್ 2ರಿಂದ 2005ರ ಜನವರಿ 31ರ ವರೆಗೆ ಒಬ್ಬರ ರಜೆಯ ಹುದ್ದೆಯಲ್ಲಿ ಹೈಸ್ಕೂಲು ಶಿಕ್ಷಕರಾಗಿದ್ದರು. ಖಾಯಂ ಆಗಿ ಬಂದದ್ದು 2007ರ ಜೂನ್ 6ರಂದು. ಜನ್ಮದಿನ 1974ರ ನವೆಂಬರ್ 25. ಕೆ.ಇ.ಆರ್. ಪರೀಕ್ಷೆ ಮುಗಿದಿದೆ, ಅಕೌಂಟ್ ಟೆಸ್ಟ್ ಇಲ್ಲ.

‘ಉ’ ಅವರು 2007ರ ಜೂನ್ 6ರಂದೇ ಮೊದಲ ಬಾರಿಗೆ ಸೇರಿದವರು. ಜನ್ಮದಿನ 1974ರ ಫೆಬ್ರವರಿ 14. ಎರಡೂ ಪರೀಕ್ಷೆಗಳಿಲ್ಲ.

‘ಎ’ ಅವರು 2012ರ ಜೂನ್ 4ರಂದು ಸೇರಿದರು. ವಯಸ್ಸು ಇನ್ನೂ ನಲವತ್ತರ ಆಸುಪಾಸು, ಎರಡೂ ಪರೀಕ್ಷೆಗಳು ಮುಗಿದಿವೆ.

ಊರಿನವರನ್ನು ಕೇಳಿದರೆ ‘ಅ’ ಅವರೇ ಹಿರಿಯರು ಎನ್ನುತ್ತಾರೆ. ಸುಮಾರು ಇಪ್ಪತ್ತಾರು ವರ್ಷಗಳಿಂದ ಆ ಅಂಗಳದಲ್ಲಿ ಇದ್ದವರು, ಪಟ್ಟಿಯಲ್ಲಿಯೂ ಮೊದಲಿಗರು, ಪರೀಕ್ಷೆಗಳನ್ನೂ ಬರೆದವರು. ಆದರೆ ಇಲ್ಲಿ ಕೇಳುವುದು ಹೈಸ್ಕೂಲು ದರ್ಜೆಯ ಸೇವೆಯನ್ನು. ಅವರ ಹಿರಿತನ 2011ರಿಂದ ಮಾತ್ರ. ಹಾಳೆಯನ್ನು ವಿಂಗಡಿಸಿದಾಗ ಅವರು ಮೂರನೆಯ ಸಾಲಿಗೆ ಇಳಿಯುತ್ತಾರೆ. ಇದನ್ನು ಅವರಿಗೆ ಮೊದಲೇ, ಮುಖಾಮುಖಿ ಕುಳಿತು, ನಿಯಮವನ್ನು ತೋರಿಸಿ ಹೇಳುವುದು ಒಳ್ಳೆಯದು. ಆದೇಶ ಹೊರಬಿದ್ದ ಮೇಲೆ ಗೋಡೆಯ ಸೂಚನಾ ಫಲಕದಿಂದ ತಿಳಿಯುವ ನೋವು ಬೇರೆಯದೇ.

ಮೇಲೆ ಉಳಿಯುವವರು ‘ಇ’ ಮತ್ತು ‘ಉ’. ಇಬ್ಬರ ನಿರಂತರ ಸೇವೆಯೂ 2007ರ ಜೂನ್ 6ರಿಂದ. ಎರಡನೆಯ ಮೆಟ್ಟಿಲಿಗೆ ಇಳಿದರೆ ‘ಇ’ ಅವರ ಮೊದಲ ನೇಮಕಾತಿ 2004ರಲ್ಲಿ. ರಜೆಯ ಹುದ್ದೆಯ ಆ ಆರು ತಿಂಗಳು ನಿರಂತರ ಸೇವೆಗೆ ಸೇರಲಿಲ್ಲ, ಆದರೆ ಸಮನಾದ ಇಬ್ಬರಲ್ಲಿ ಯಾರು ಮುಂದೆ ಎಂದು ತೀರ್ಮಾನಿಸಲು ಅದೇ ಸಾಕಾಯಿತು. ವಯಸ್ಸಿನಲ್ಲಿ ‘ಉ’ ದೊಡ್ಡವರು. ಆದರೆ ಆ ಮೂರನೆಯ ಮೆಟ್ಟಿಲಿಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಹಿರಿತನದ ಕ್ರಮ ಹೀಗೆ: ಇ, ಉ, ಅ, ಎ.

ಈಗ ಅರ್ಹತೆ. ‘ಇ’ ಅವರಿಗೆ ಸೇವೆ ಹದಿನಾರು ವರ್ಷ ದಾಟಿದೆ. ಅಕೌಂಟ್ ಟೆಸ್ಟ್ ಇಲ್ಲ, ಹಾಗಾದರೆ ಐವತ್ತು ತುಂಬಿದೆಯೇ? 2024ರಿಂದ 1974 ಕಳೆದರೆ ಐವತ್ತು ಎಂದು ಬೆರಳೆಣಿಕೆ ಹೇಳುತ್ತದೆ. ಆದರೆ ಅವರಿಗೆ ಐವತ್ತು ತುಂಬುವುದು ನವೆಂಬರ್ 25ಕ್ಕೆ. ಜೂನ್ 1ರಂದು ಅವರ ವಯಸ್ಸು ನಲವತ್ತೊಂಬತ್ತು ವರ್ಷ ಆರು ತಿಂಗಳು. ಆ ದಿನ ಅವರು ಅರ್ಹರಲ್ಲ. ಹುದ್ದೆ ಖಾಲಿಯಾದ ದಿನ ಇಲ್ಲದ ಅರ್ಹತೆ ನವೆಂಬರಿನಲ್ಲಿ ಬಂದರೂ ಜೂನ್‌ನ ಹುದ್ದೆಗೆ ಒದಗುವುದಿಲ್ಲ. ಆದೇಶವನ್ನು ನವೆಂಬರಿನ ವರೆಗೆ ಎಳೆದು ತಮಗೆ ಬೇಕಾದವರಿಗೆ ಅನುಕೂಲ ಮಾಡಿಕೊಡುವ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ಮೇಲ್ಮನವಿಯಲ್ಲಿ ಮೊದಲು ಕೇಳುವುದೇ ಖಾಲಿಯಾದ ದಿನವನ್ನು.

‘ಉ’ ಅವರಿಗೆ ಫೆಬ್ರವರಿಯಲ್ಲಿ ಐವತ್ತು ತುಂಬಿದೆ. ಒಂದೂ ಪರೀಕ್ಷೆ ಬರೆಯದಿದ್ದರೂ ವಿನಾಯಿತಿ ಸಿಗುತ್ತದೆ, ಸೇವೆಯೂ ಹನ್ನೆರಡನ್ನು ದಾಟಿದೆ. ಹುದ್ದೆ ಅವರದು.

‘ಎ’ ಅವರ ಸಾಲನ್ನು ನೋಡದೆ ಬಿಡಬೇಡಿ. 2012ರಿಂದ 2024ಕ್ಕೆ ಹನ್ನೆರಡು ವರ್ಷ ಎಂದು ಅಂಕಣದಲ್ಲಿ ಬರೆದುಬಿಟ್ಟಿರುತ್ತಾರೆ. ಲೆಕ್ಕ ಹಾಕಿದರೆ ಜೂನ್ 1ಕ್ಕೆ ಹನ್ನೊಂದು ವರ್ಷ, ಹನ್ನೊಂದು ತಿಂಗಳು, ಇಪ್ಪತ್ತೆಂಟು ದಿನ. ಮೂರು ದಿನಗಳ ಕೊರತೆ. ಮೇಲಿನವರೆಲ್ಲ ಬೇಡವೆಂದರೂ ಈ ಖಾಲಿ ಹುದ್ದೆಗೆ ಅವರು ಅರ್ಹರಲ್ಲ. ವರ್ಷದಿಂದ ವರ್ಷ ಕಳೆಯುವ ಅಭ್ಯಾಸವನ್ನು ಬಿಡಬೇಕು ಎಂದು ಹೊಸಬರಿಗೆ ನಾನು ಒತ್ತಿ ಹೇಳುವುದು ಇದಕ್ಕೇ.

ಒಂದು ವೇಳೆ ‘ಉ’ ಅವರಿಗೆ ಜವಾಬ್ದಾರಿ ಬೇಡವಾದರೆ, ಶಾಶ್ವತವಾಗಿ ಹಕ್ಕು ಬಿಡುವ ಪತ್ರ ಬರೆಸಿ, ಶಿಕ್ಷಣಾಧಿಕಾರಿಯ ಅನುಮೋದನೆ ಪಡೆದು, ಆಮೇಲೆ ‘ಅ’ ಅವರನ್ನು ನೇಮಿಸಬಹುದು. ‘ಶಾಶ್ವತ’ ಎಂಬ ಪದದ ಅರ್ಥವನ್ನು ‘ಉ’ ಅವರಿಗೆ ಬಿಡಿಸಿ ಹೇಳಿಯೇ ಸಹಿ ಹಾಕಿಸಿ. ಮಕ್ಕಳ ಮದುವೆ, ಮನೆಯ ಕಾಯಿಲೆ ಎಂದು ಒಂದು ವರ್ಷದ ತೊಂದರೆಗಾಗಿ ಬದುಕಿನ ಹಕ್ಕನ್ನು ಬರೆದುಕೊಟ್ಟು ಆಮೇಲೆ ಕೊರಗಿದವರಿದ್ದಾರೆ.

ಕಳುಹಿಸುವ ಮುನ್ನ

ಸಿದ್ಧವಾದ ಹಿರಿತನ ಪಟ್ಟಿಯನ್ನು ಎಲ್ಲ ಶಿಕ್ಷಕರಿಗೂ ತೋರಿಸಿ, ತಮ್ಮ ಸಾಲು ಸರಿಯಿದೆ ಎಂದು ಸಹಿ ಪಡೆಯಿರಿ. ಆಕ್ಷೇಪ ಇದ್ದರೆ ಬರವಣಿಗೆಯಲ್ಲಿ ಕೊಡಲಿ. ಹುದ್ದೆ ಖಾಲಿಯಾಗುವುದಕ್ಕೆ ಆರು ತಿಂಗಳ ಮೊದಲೇ ಇದನ್ನು ಮಾಡಿದರೆ, ಪರೀಕ್ಷೆಯೊಂದು ಬಾಕಿ ಇರುವ ‘ಇ’ ಅವರಂಥವರಿಗೆ ತಮ್ಮ ಕೊರತೆ ಕಾಲಕ್ಕೆ ಸರಿಯಾಗಿ ತಿಳಿಯುತ್ತದೆ.

ಎರಡು ಮಿತಿಗಳನ್ನು ಗಮನದಲ್ಲಿಡಿ. ಸಂವಿಧಾನದ 30ನೆಯ ವಿಧಿಯಂತೆ ಅಲ್ಪಸಂಖ್ಯಾತ ಸ್ಥಾನಮಾನವಿರುವ ಸಂಸ್ಥೆಗೆ ಮುಖ್ಯಸ್ಥರನ್ನು ಆರಿಸುವಲ್ಲಿ ಹೆಚ್ಚಿನ ಸ್ವಾತಂತ್ರ್ಯವಿದೆ. ಅಲ್ಲಿ ಹಿರಿತನವೊಂದೇ ನಿರ್ಣಾಯಕವಲ್ಲ, ಅರ್ಹತೆ ಮಾತ್ರ ಬೇಕೇ ಬೇಕು. ಕನ್ನಡ ಶಾಲೆ ಎಂದ ಮಾತ್ರಕ್ಕೆ ಆ ಸ್ಥಾನಮಾನ ಇದೆ ಎಂದು ಭಾವಿಸದೆ ದಾಖಲೆಯನ್ನು ಕೇಳಿ ನೋಡಿ. ಇನ್ನೊಂದು, ಶಿಕ್ಷಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯ ಶಾಲೆಗಳಲ್ಲಿ ಬಡ್ತಿ ಬಯಸುವವರಿಗೂ ಈ ಪರೀಕ್ಷೆ ಬೇಕು ಎಂದು ತೀರ್ಪು ನೀಡಿತು; ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಆದ್ದರಿಂದ ಆ ದಿನದ ನಂತರ ಖಾಲಿಯಾದ ಹುದ್ದೆಗೆ ಹಾಳೆಯಲ್ಲಿ ಕೇರಳದ ಅರ್ಹತಾ ಪರೀಕ್ಷೆಯಾದ ಕೆ–ಟೆಟ್‌ಗೂ ಒಂದು ಅಂಕಣ ಇರಲಿ. ತೇರ್ಗಡೆಯಾದ ದಿನವನ್ನೂ ವರ್ಗವನ್ನೂ ಅದರಲ್ಲಿ ಬರೆದು, ಆದೇಶ ಬರೆಯುವ ದಿನ ಜಾರಿಯಲ್ಲಿರುವ ಸರ್ಕಾರಿ ಸುತ್ತೋಲೆಯೊಂದಿಗೆ ಹೊಂದಿಸಿ ನೋಡಬೇಕು.

ಕಡತದ ಟಿಪ್ಪಣಿಯಲ್ಲಿ ‘ಉ ಅವರನ್ನು ನೇಮಿಸಬಹುದು’ ಎಂದಷ್ಟೇ ಬರೆಯಬೇಡಿ. ನಮ್ಮ ಉದಾಹರಣೆಗೆ ನಾನು ಬರೆಯುವುದು ಹೀಗೆ: ‘ಹುದ್ದೆ 01-06-2024ರಂದು ಖಾಲಿಯಾಗಿದೆ. ಹಿರಿತನದಲ್ಲಿ ಮೊದಲಿಗರಾದ ಇ ಅವರು ಆ ದಿನ ಅಕೌಂಟ್ ಟೆಸ್ಟ್ ತೇರ್ಗಡೆಯಾಗಿಲ್ಲ, ಐವತ್ತು ವರ್ಷವೂ ತುಂಬಿಲ್ಲ. ಎರಡನೆಯವರಾದ ಉ ಅವರಿಗೆ 14-02-2024ಕ್ಕೆ ಐವತ್ತು ತುಂಬಿದೆ, 06-06-2007ರಿಂದ ನಿರಂತರ ಅನುಮೋದಿತ ಸೇವೆ ಇದೆ. ಸರ್ವಿಸ್ ಬುಕ್, ಎಸ್ಸೆಸ್ಸೆಲ್ಸಿ ಪುಸ್ತಕ ಮತ್ತು ಅನುಮೋದನಾ ಆದೇಶಗಳನ್ನು ನೋಡಿ ಖಚಿತಪಡಿಸಿಕೊಳ್ಳಲಾಗಿದೆ.’ ಇದರ ಕೆಳಗೆ ಪರಿಶೀಲಿಸಿದವರ ಸಹಿ ಮತ್ತು ತಾರೀಕು.